7.40ರ ಬಸ್ಸು 7:04ಕ್ಕೆ: ಕಾಲೇಜು ಬಸ್ ಆ್ಯಪಿಗೆ ಬಂದ ಮೊದಲ ದೂರುಗಳು

ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರ. ಊರಿನಿಂದ 11 ಕಿಲೋಮೀಟರ್ ಆಚೆ, ಹೆದ್ದಾರಿಯಿಂದ ಒಳಗೆ ಇಂಜಿನಿಯರಿಂಗ್ ಕಾಲೇಜು. ಕಾಲೇಜಿನದೇ ಆರು ಬಸ್ಸುಗಳು ಊರಿನ ಬೇರೆಬೇರೆ ದಿಕ್ಕಿನಿಂದ ಹುಡುಗರನ್ನು ತುಂಬಿಕೊಂಡು ಬರುತ್ತವೆ. ಬೆಳಿಗ್ಗೆ ಒಂದು ರೂಟಿಗೆ ಒಂದೇ ಟ್ರಿಪ್. ಅದು ತಪ್ಪಿತೆಂದರೆ ಸಾರಿಗೆ ಬಸ್ಸಿನಲ್ಲಿ ಹೆದ್ದಾರಿಯ ಕ್ರಾಸಿಗೆ ಬಂದಿಳಿದು ಅಲ್ಲಿಂದ ನಡೆಯಬೇಕು, ಮೊದಲ ಪೀರಿಯಡ್ಡಿನ ಹಾಜರಾತಿ ಕೈತಪ್ಪುತ್ತದೆ. ವಿಟಿಯು ಪರೀಕ್ಷೆಗೆ ಕೂರಲು ಶೇ. 85 ಹಾಜರಾತಿ ಬೇಕಿರುವ ಕಡೆ ಇದು ಸಣ್ಣ ನಷ್ಟವಲ್ಲ. ಈ ಪ್ರಕರಣದಲ್ಲಿ ಬರುವ ಪ್ರತಿಯೊಂದು ತೀರ್ಮಾನದ ಹಿಂದೆಯೂ ಬೆಳಿಗ್ಗೆಗೆ ಒಂದೇ ಬಸ್ಸು ಎಂಬ ಈ ಒಂದು ಸಂಗತಿ ಇದೆ.

ಬಸ್ ಸಮಯ ಗೊತ್ತಾಗುತ್ತಿದ್ದದ್ದು ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ ಬಾಗಿಲಿಗೆ ಅಂಟಿಸಿದ ಒಂದು ಹಾಳೆಯಿಂದ, ಅಥವಾ ಆ ಹಾಳೆಯನ್ನು ಯಾರೋ ಯಾವಾಗಲೋ ತೆಗೆದ ಫೋಟೊದಿಂದ. ಹಾಳೆಯಲ್ಲಿ ದೊಡ್ಡ ಸ್ಟಾಪುಗಳ ಸಮಯ ಮಾತ್ರ ಇರುತ್ತಿತ್ತು. ಐದನೇ ಸೆಮಿಸ್ಟರಿನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯೊಬ್ಬಳು ಇದನ್ನು ಆ್ಯಪ್ ಮಾಡಲು ಹೊರಟಳು. ಸೆಕ್ಷನ್ನಿನ ಸೂಪರ್‌ವೈಸರ್ ಸಮಯಗಳನ್ನು ಗೂಗಲ್ ಶೀಟ್ಸಿನಲ್ಲಿ ತುಂಬಬೇಕು. ಅರ್ಧ ಗಂಟೆಗೊಮ್ಮೆ ಓಡುವ ಒಂದು ಸಣ್ಣ ಸ್ಕ್ರಿಪ್ಟು ಆ ಶೀಟನ್ನು `times.csv` ಎಂಬ ಫೈಲಾಗಿ ಆ್ಯಪಿನ ಸೈಟಿಗೆ ನಕಲು ಮಾಡಬೇಕು. ವಿದ್ಯಾರ್ಥಿ ತನ್ನ ಸ್ಟಾಪ್ ಆರಿಸಿದರೆ ಮುಂದಿನ ಬಸ್ಸಿನ ಸಮಯ ಕಾಣಬೇಕು. ಪ್ಲೇ ಸ್ಟೋರಿನ ಖಾತೆಗೆ 25 ಡಾಲರ್ ಕಟ್ಟುವ ಬದಲು, ಬ್ರೌಸರಿನಲ್ಲೇ ತೆರೆದು ಫೋನಿನ ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳುವಂಥ ವೆಬ್ ಆ್ಯಪ್ ಮಾಡಿದಳು. ಇಂಥ ಕೆಲಸಕ್ಕೆ ಈ ಆಯ್ಕೆಯೇ ಸರಿ. ತಿದ್ದುಪಡಿಯನ್ನು ಅದೇ ದಿನ ಎಲ್ಲರಿಗೂ ತಲುಪಿಸಬಹುದು. ತಲುಪಿಸಬಹುದು ಎಂದುಕೊಂಡದ್ದು ಹೇಗೆ ತಲುಪಲಿಲ್ಲ ಎಂಬುದು ಮೂರನೇ ದೂರಿನಲ್ಲಿ ಬರುತ್ತದೆ.

ಬಸ್ಸುಗಳ ಜಿಪಿಎಸ್ ಲೈವ್ ಲೊಕೇಶನ್ ಹಾಕಲಿಲ್ಲ. ಅದಕ್ಕೆ ಡ್ರೈವರುಗಳ ಸ್ವಂತ ಫೋನು ಬಳಸಬೇಕಿತ್ತು. ಬೆಳಗಿನಿಂದ ಲೊಕೇಶನ್ ಹಾಕಿಟ್ಟರೆ ಬ್ಯಾಟರಿ ಇಳಿಯುತ್ತದೆ, ಡೇಟಾ ಅವರದು, ಬಸ್ ಬಿಟ್ಟ ಮೇಲೂ ಅವರು ಎಲ್ಲಿದ್ದಾರೆಂದು ಮುನ್ನೂರು ಜನಕ್ಕೆ ಕಾಣುತ್ತದೆ. ಡ್ರೈವರುಗಳು ಒಪ್ಪಲಿಲ್ಲ, ಒಪ್ಪದಿದ್ದದ್ದು ನ್ಯಾಯವಾಗಿಯೇ ಇತ್ತು.

ದೂರನ್ನು ಕೇಳಿಕೊಳ್ಳುವ ಬಗೆ

ಆ್ಯಪಿನ ಕೊಂಡಿ ವಾಟ್ಸಾಪ್ ಗುಂಪುಗಳಿಗೆ ಹೋದ ಮೊದಲ ವಾರದಲ್ಲೇ ದೂರು ಶುರುವಾಯಿತು. ಬಂದ ರೂಪ ಎಲ್ಲ ಕಡೆಯೂ ಬರುವಂಥದ್ದೇ: "ಟೈಮಿಂಗ್ ಎಲ್ಲಾ ತಪ್ಪು", "ಆ್ಯಪ್ ನೋಡ್ಕೊಂಡ್ ಬಂದೆ, ಬಸ್ಸೇ ಇಲ್ಲ", "ಅಕ್ಕಾ, ನಿಮ್ ಆ್ಯಪ್ ವರ್ಕ್ ಆಗ್ತಿಲ್ಲ". ಇವುಗಳಿಂದ ಏನನ್ನೂ ಸರಿಪಡಿಸಲು ಆಗದು. ಆಕೆ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಕೋಡಿಗೆ ಕೈ ಹಾಕದೆ, ದೂರು ಹೇಳಿದ ಪ್ರತಿಯೊಬ್ಬರಿಂದ ನಾಲ್ಕೇ ಸಂಗತಿ ಕೇಳಿದ್ದು. ಯಾವ ಸ್ಟಾಪು, ಯಾವ ದಿನ, ಆ್ಯಪಿನಲ್ಲಿ ಕಂಡ ಸಮಯ ಎಷ್ಟು, ಬಸ್ ನಿಜವಾಗಿ ಬಂದದ್ದು ಎಷ್ಟಕ್ಕೆ. ಜೊತೆಗೆ ಆ್ಯಪಿನ ಸ್ಕ್ರೀನ್‌ಶಾಟ್.

ಈ ನಾಲ್ಕು ಸಂಗತಿ ಕೈಗೆ ಬಂದ ಮೇಲೆ ಎರಡು ಪ್ರಶ್ನೆ ಸಾಕು. ಒಂದೇ ಸ್ಟಾಪಿನ ಇಬ್ಬರ ಫೋನಿನಲ್ಲಿ ಬೇರೆಬೇರೆ ಸಮಯ ಕಾಣುತ್ತಿದೆಯೇ? ಹಾಗಿದ್ದರೆ ತೊಂದರೆ ಇರುವುದು ಪಟ್ಟಿ ಫೋನಿಗೆ ತಲುಪುವ ದಾರಿಯಲ್ಲಿ. ಇಬ್ಬರಿಗೂ ಒಂದೇ ಸಮಯ ಕಾಣುತ್ತಿದ್ದರೆ, ಅದು ದಿನವೂ ಹೆಚ್ಚುಕಡಿಮೆ ಅಷ್ಟೇ ನಿಮಿಷ ತಪ್ಪಿದೆಯೇ, ಇಲ್ಲಾ ಕೆಲವು ದಿನ ಸರಿಯಿದ್ದು ಕೆಲವು ದಿನ ತಪ್ಪೇ? ದಿನವೂ ಅಷ್ಟೇ ತಪ್ಪಿದ್ದರೆ ತುಂಬಿದ ಅಂಕಿಯನ್ನೋ ಓದಿಕೊಂಡ ಬಗೆಯನ್ನೋ ಅನುಮಾನಿಸಬೇಕು. ದಿನಕ್ಕೊಂದು ಥರ ಇದ್ದರೆ ಅಂಕಿ ಕೆಟ್ಟಿಲ್ಲ, ಬಸ್ಸಿನ ಓಟವನ್ನು ಅಳೆದ ರೀತಿಯಲ್ಲೇ ಏನೋ ಕೊರತೆ ಇದೆ. ಈ ಪ್ರಕರಣದ ಮೂರು ದೂರೂ ಈ ಮೂರು ಜಾತಿಗೆ ಒಂದೊಂದಾಗಿ ಸೇರಿದವು. ಆದರೆ ವಾಟ್ಸಾಪಿನಲ್ಲಿ ಮೂರೂ ಬಂದದ್ದು "ಟೈಮಿಂಗ್ ತಪ್ಪು" ಎಂಬ ಒಂದೇ ಮಾತಿನಲ್ಲಿ.

ಮೊದಲನೆಯದು: ಅರ್ಧ ಗಂಟೆ ಮೊದಲೇ ಬಂದು ನಿಂತವರು

ಎಪಿಎಂಸಿ ಸ್ಟಾಪಿನ ಹುಡುಗಿಯೊಬ್ಬಳು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ 7:04 ಎಂದಿತ್ತು. ಬಸ್ ಬಂದದ್ದು 7.40ಕ್ಕೆ. ಇನ್ನೊಂದು ರೂಟಿನಲ್ಲಿ ಆ್ಯಪ್ 8:01 ಎನ್ನುತ್ತಿತ್ತು, ಬಸ್ 8.10ಕ್ಕೆ. ಮತ್ತೊಂದರಲ್ಲಿ 7:05, ನಿಜದಲ್ಲಿ 7.50. ಪಕ್ಕದ ಸ್ಟಾಪುಗಳಲ್ಲಿ 7:36, 7:45 ಎಂದು ತೋರಿಸುತ್ತಿದ್ದ ಸಮಯಗಳು ಮಾತ್ರ ಸರಿಯಾಗಿದ್ದವು. ಆ್ಯಪ್ ಮಾಡಿದವಳ ಸ್ವಂತ ಸ್ಟಾಪು 7.45ರದು. ಹಾಗಾಗಿ ತನ್ನ ಫೋನಿನಲ್ಲಿ ಎಷ್ಟು ಸಲ ನೋಡಿದರೂ ತಪ್ಪು ಕಾಣಿಸಲೇ ಇಲ್ಲ. ಇದರ ಜೊತೆಗೆ, ಮೊದಲಿಗೆ ಸಂಬಂಧವಿಲ್ಲವೆಂದು ತೋರಿದ ಒಂದು ದೂರೂ ಇತ್ತು. ಬಸ್ ಸ್ಟ್ಯಾಂಡಿನಿಂದ 8.00ಕ್ಕೆ ಹೊರಡುವ ಬಸ್ಸು ಆ್ಯಪಿನಲ್ಲಿ ಇಲ್ಲವೇ ಇಲ್ಲ.

ತಪ್ಪಿದ ಸಮಯಗಳನ್ನು ಒಂದರ ಕೆಳಗೊಂದು ಬರೆದಾಗ ಗುಟ್ಟು ಹೊರಬಿತ್ತು. ಎಲ್ಲವೂ ಸೊನ್ನೆಯಲ್ಲಿ ಮುಗಿಯುವ ನಿಮಿಷಗಳು. ಎಲ್ಲ ತಪ್ಪೂ ಮುಂಚಿನ ಕಡೆಗೇ, ತಡದ ಕಡೆಗೆ ಒಂದೂ ಇಲ್ಲ.

ಸೂಪರ್‌ವೈಸರ್ ಸಮಯ ಬರೆಯುವುದು ನಾವೆಲ್ಲ ಬರೆಯುವ ಹಾಗೆಯೇ, ನಡುವೆ ಚುಕ್ಕಿ ಇಟ್ಟು: 7.40. ಶೀಟ್ಸಿಗೆ ಅದು ಸಮಯವೆಂದು ತಿಳಿಯುವುದಿಲ್ಲ. ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೆಗೆದುಬಿಡುತ್ತದೆ. ಸೆಲ್ಲಿನಲ್ಲಿ ಉಳಿಯುವುದು 7.4. ಸಿಎಸ್‌ವಿ ಫೈಲಿಗೆ ಹೋಗುವುದೂ 7.4. ಆ್ಯಪಿನ ಕೋಡು ಅದನ್ನು ಓದುತ್ತಿದ್ದದ್ದು ಹೀಗೆ:

```js
const [h, m] = cell.split(".");
const mins = Number(h) * 60 + Number(m);
```

ಚುಕ್ಕಿಯ ಎಡಕ್ಕೆ 7, ಬಲಕ್ಕೆ 4. ಏಳು ಗಂಟೆ ನಾಲ್ಕು ನಿಮಿಷ. 7.36ರಲ್ಲಿ ಕಳೆದುಹೋಗಲು ಸೊನ್ನೆಯೇ ಇಲ್ಲ, ಅದು ಸರಿಯಾಗಿ ಉಳಿಯುತ್ತದೆ. 8.05ರ ಸೊನ್ನೆ ನಡುವೆ ಇರುವುದರಿಂದ ಅದಕ್ಕೂ ಅಪಾಯವಿಲ್ಲ. ಇನ್ನು 8.00 ಬರೀ 8 ಆಗುತ್ತದೆ. ಒಡೆಯಲು ಚುಕ್ಕಿಯೇ ಇಲ್ಲದ್ದರಿಂದ `m` ಖಾಲಿ, ಲೆಕ್ಕದ ಫಲ `NaN`, ಅಂದರೆ ಸಂಖ್ಯೆಯೇ ಅಲ್ಲ. ಈಗಿನ ಸಮಯಕ್ಕಿಂತ ಮುಂದಿನ ಬಸ್ಸುಗಳನ್ನು ಮಾತ್ರ ತೋರಿಸು ಎಂದು ಸೋಸುವಾಗ `NaN` ಯಾವುದಕ್ಕಿಂತಲೂ ದೊಡ್ಡದೂ ಅಲ್ಲ, ಸಮವೂ ಅಲ್ಲ. ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಾಣೆಯಾದ ಬಸ್ಸಿನ ದೂರೂ 7:04ರ ದೂರೂ ಒಂದೇ ಮೂಲದವು.

ಇದನ್ನು ಸರಿಪಡಿಸಲು ಮೂರು ದಾರಿ ಇದ್ದವು. 7.4 ಬಂದರೆ 7.40 ಎಂದೇ ಅರ್ಥ ಮಾಡಿಕೊಂಡು ಕೋಡಿನಲ್ಲಿ ಸೊನ್ನೆ ಸೇರಿಸುವುದು ಸುಲಭ. ಆದರೆ ಯಾರಾದರೂ ಏಳೂ ನಾಲ್ಕನ್ನು 7.4 ಎಂದು ಟೈಪು ಮಾಡಿದರೆ ಅದೂ 7.40 ಆಗುತ್ತದೆ, ಈ ಸಲ ತಪ್ಪು ತಡದ ಕಡೆಗೆ. ಎರಡನೆಯ ದಾರಿ, ಸೂಪರ್‌ವೈಸರಿಗೆ 07:40 ಎಂದು 24 ಗಂಟೆಯ ಲೆಕ್ಕದಲ್ಲಿ, ಕೋಲನ್ ಹಾಕಿ ಬರೆಯಲು ಹೇಳುವುದು. ಆಕೆ ಕೇಳಿಯೂ ನೋಡಿದಳು. "ಆಯ್ತಮ್ಮ" ಎಂದವರು ಮೂರನೇ ಸಾಲಿಗೆ ಬರುವಷ್ಟರಲ್ಲಿ ಚುಕ್ಕಿಗೆ ಮರಳಿದ್ದರು. ವರ್ಷಗಟ್ಟಲೆ ಲಾಗ್‌ಬುಕ್ಕಿನಲ್ಲಿ ಬರೆದ ಕೈ ಅದು. ಒಂದು ಆ್ಯಪಿಗಾಗಿ ಅದನ್ನು ಬದಲಿಸಲು ಹೋಗುವುದು ವ್ಯರ್ಥ, ಅಗತ್ಯವೂ ಇರಲಿಲ್ಲ.

ನಿಂತದ್ದು ಮೂರನೆಯ ದಾರಿ. ಸಮಯದ ಇಡೀ ಕಾಲಮ್ಮನ್ನು ಆರಿಸಿ Format → Number → Plain text ಮಾಡುವುದು. ಇಲ್ಲಿ ಒಂದು ಎಚ್ಚರ ಬೇಕು. ಹೀಗೆ ಮಾಡಿದರೆ ಈಗಾಗಲೇ ಕಳೆದುಹೋದ ಸೊನ್ನೆ ಮರಳಿ ಬರುವುದಿಲ್ಲ, 7.4 ಎಂಬುದೇ ಪಠ್ಯವಾಗಿ ಕೂರುತ್ತದೆ. ಆದ್ದರಿಂದ ಮೊದಲು ಕಾಲಮ್ಮಿನ ಬಗೆ ಬದಲಿಸಿ, ಆಮೇಲೆ ಅಂಕಿಗಳನ್ನು ಕಚೇರಿಯ ಹಾಳೆ ನೋಡಿಕೊಂಡು ಮತ್ತೆ ಟೈಪು ಮಾಡಬೇಕು. ನಂತರ ಅದೇ ಕಾಲಮ್ಮಿಗೆ Data validation ತೆರೆದು, Custom formula is ಎಂಬುದರಲ್ಲಿ ಈ ಸೂತ್ರ ಹಾಕಿ, ತಪ್ಪು ಬಂದರೆ Reject the input ಎಂದು ಆರಿಸುವುದು:

```
=REGEXMATCH(C2, "^([1-9]|1[0-2])\.[0-5][0-9]$")
```

ಗಂಟೆ ಒಂದರಿಂದ ಹನ್ನೆರಡು, ಚುಕ್ಕಿ, ಆಮೇಲೆ ಕಡ್ಡಾಯವಾಗಿ ಎರಡು ಅಂಕಿಯ ನಿಮಿಷ. 7.4 ಬರೆದರೆ ಶೀಟೇ ಒಪ್ಪುವುದಿಲ್ಲ. ಬೆಳಿಗ್ಗೆ, ಸಂಜೆಯ ಗೊಂದಲ ತಪ್ಪಿಸಲು ಎರಡು ಬೇರೆ ಟ್ಯಾಬ್ ಮಾಡಿದಳು. ಎರಡನೇ ಟ್ಯಾಬಿನ ಗಂಟೆಗೆ ಕೋಡಿನಲ್ಲಿ 12 ಕೂಡುತ್ತದೆ. ಅದೂ `h % 12 + 12` ಎಂದು ಕೂಡಬೇಕು. ಇಲ್ಲದಿದ್ದರೆ ಶನಿವಾರ ಮಧ್ಯಾಹ್ನ 12.30ಕ್ಕೆ ಬಿಡುವ ಬಸ್ಸು 24:30ರದಾಗಿ ನಡುರಾತ್ರಿ ದಾಟುತ್ತದೆ.

ಶೀಟಿನ ಕಾವಲು ಒಂದೇ ಸಾಲದು. ಬೇರೆ ಕಡೆಯಿಂದ ಕಾಪಿ ಮಾಡಿ ತಂದು ಅಂಟಿಸಿದರೆ ಆ ಸೆಲ್ಲಿನ ಬಗೆಯೂ ನಿಯಮವೂ ಅಳಿಸಿಹೋಗಬಹುದು. ಅದಕ್ಕೆ ನಕಲು ಮಾಡುವ ಸ್ಕ್ರಿಪ್ಟಿನಲ್ಲೂ ಅದೇ ಪರೀಕ್ಷೆ ಇಟ್ಟಳು. ಒಂದೇ ಒಂದು ಸಾಲು ಕೆಟ್ಟಿದ್ದರೂ ಹೊಸ ಪಟ್ಟಿ ಹೊರಗೆ ಹೋಗುವುದಿಲ್ಲ, ಹಿಂದಿನ ಸರಿಯಾದ ಪಟ್ಟಿಯೇ ಉಳಿಯುತ್ತದೆ, ಯಾವ ಸಾಲು ಕೆಟ್ಟಿದೆ ಎಂದು ಆಕೆಗೆ ಒಂದು ಮೇಲ್ ಬರುತ್ತದೆ. ಕೆಟ್ಟ ಸಾಲನ್ನು ಮಾತ್ರ ಬಿಟ್ಟು ಮಿಕ್ಕದ್ದನ್ನು ಕಳಿಸಬಹುದಿತ್ತಲ್ಲ ಎಂದು ತೋರಬಹುದು. ಹಾಗೆ ಮಾಡಿದರೆ ಆ ಸ್ಟಾಪಿನವರಿಗೆ ಬಸ್ಸೇ ಇಲ್ಲ ಎಂದು ಕಾಣುತ್ತದೆ. ಬಸ್ ಸಮಯದ ಪಟ್ಟಿಯಲ್ಲಿ ಕಾಣೆಯಾದ ಸಾಲು ತಪ್ಪು ಸಾಲಿಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ನೋಡಿ ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೆಯದು: "ನಾನು ಬರೋ ಹೊತ್ತಿಗೆ ಹೋಗ್ಬಿಟ್ಟಿತ್ತು"

ಈ ದೂರು ಕೆಇಬಿ ಸ್ಟಾಪಿನದು. ಆ್ಯಪಿನಲ್ಲಿ 7:55. ವಾರದಲ್ಲಿ ಮೂರು ನಾಲ್ಕು ದಿನ ಅಷ್ಟರೊಳಗೆ ಬಸ್ ಹೋಗಿರುತ್ತದೆ, ಮಿಕ್ಕ ದಿನ ಸಿಗುತ್ತದೆ. ಅಲ್ಲಿನ ಎಲ್ಲರ ಫೋನಿನಲ್ಲೂ ಅದೇ 7:55, ಆದರೆ ದಿನಕ್ಕೊಂದು ಥರ. ಹಾಗಾಗಿ ಇದು ಅಂಕಿಯ ತಪ್ಪಲ್ಲ.

ಕೆಇಬಿಯಂಥ ಸಣ್ಣ ಸ್ಟಾಪುಗಳಿಗೆ ಕಚೇರಿಯ ಹಾಳೆಯಲ್ಲಿ ಸಮಯವೇ ಇರಲಿಲ್ಲ. ಆಯಾ ಸ್ಟಾಪಿನಲ್ಲಿ ಹತ್ತುವ ಸಹಪಾಠಿಗಳು ಹತ್ತು ಕೆಲಸದ ದಿನ ಬಸ್ಸಿನ ಬಾಗಿಲು ತೆರೆದ ಹೊತ್ತನ್ನು ಬರೆದುಕೊಟ್ಟಿದ್ದರು. ನೋಡಬೇಕಾದದ್ದು ಸ್ವಯಂಚಾಲಿತ ಸಮಯ ಇಟ್ಟ ಫೋನಿನ ಗಡಿಯಾರವನ್ನೇ ಎಂದು ಆಕೆ ಮೊದಲೇ ಹೇಳಿದ್ದಳು. ಇದು ಜಾಣತನ. ಬಸ್ಸಿನ ಡ್ಯಾಶ್‌ಬೋರ್ಡಿನ ಗಡಿಯಾರ ಮೂರು ನಿಮಿಷ ಮುಂದಿತ್ತು. ಕೆಇಬಿಯ ಹತ್ತು ದಿನದ ಬರಹ ಹೀಗಿತ್ತು: 7:52, 7:54, 7:51, 7:55, 7:53, 7:58, 7:52, 7:54, 8:03, 7:53.

ಆಕೆ ಇವುಗಳ ಸರಾಸರಿ ತೆಗೆದಿದ್ದಳು. ಏಳು ಗಂಟೆಯಿಂದಾಚೆಗಿನ ನಿಮಿಷಗಳನ್ನು ಕೂಡಿದರೆ 545, ಹತ್ತರಿಂದ ಭಾಗಿಸಿದರೆ 54.5. ಅದನ್ನು ಪೂರ್ಣಾಂಕ ಮಾಡಿ 7:55. ಗಣಿತದಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಹತ್ತು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, 51, 52, 52, 53, 53, 54, 54, 55, 58, 63, ಎಂದು ಇಟ್ಟು ನೋಡಿ. 7:55ಕ್ಕೆ ಸರಿಯಾಗಿ ಬಂದು ನಿಂತ ಹುಡುಗನಿಗೆ ಹತ್ತರಲ್ಲಿ ಏಳು ದಿನ ಬಸ್ ತಪ್ಪುತ್ತದೆ. ಸರಾಸರಿಯನ್ನು ಮೇಲಕ್ಕೆಳೆದದ್ದು ಮುಖ್ಯವಾಗಿ ಒಂದು ದಿನದ 8:03. ಆ ದಿನ ಕೆಇಬಿಗೆ ಮುಂಚಿನ ರೈಲ್ವೆ ಗೇಟು ಬಿದ್ದಿತ್ತು. ಗೇಟು ಬಿದ್ದ ದಿನದ ತಡವನ್ನು ಗೇಟು ತೆರೆದಿದ್ದ ದಿನಗಳಿಗೂ ಹಂಚಿಕೊಟ್ಟಂತಾಯಿತು.

ಕಾಯುವವನಿಗೆ ಮುಂಚಿನ ತಪ್ಪೂ ತಡದ ತಪ್ಪೂ ಒಂದೇ ಅಲ್ಲ. ಬಸ್ ನಾಲ್ಕು ನಿಮಿಷ ತಡವಾದರೆ ನಾಲ್ಕು ನಿಮಿಷ ನಿಲ್ಲಬೇಕು. ಬಸ್ ಒಂದು ನಿಮಿಷ ಮುಂಚೆ ಹೋದರೂ ಬೆಳಗ್ಗೆಯೇ ಹೋಯಿತು. ಸರಾಸರಿ ಈ ಎರಡನ್ನೂ ಒಂದೇ ತೂಕದಲ್ಲಿ ತೂಗುತ್ತದೆ. ಹಾಗಾಗಿ ಬಸ್ ಸಮಯ ತೋರಿಸುವುದಕ್ಕೆ ಅದು ಸರಿಯಾದ ಅಳತೆಯಲ್ಲ. ದಿನಕ್ಕೊಂದೇ ಬಸ್ಸಿರುವ ಕಡೆ, ಹತ್ತು ದಿನದ ಬರಹದಲ್ಲಿ ಎಲ್ಲಕ್ಕಿಂತ ಮುಂಚಿನದನ್ನೇ ತೋರಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕೆಇಬಿಗೆ ಅದು 7:51. ಹದಿನೈದು ನಿಮಿಷಕ್ಕೊಂದು ಬಸ್ಸಿರುವ ರಸ್ತೆಯಲ್ಲಾದರೆ ಒಂದೆರಡು ಅತಿ ಮುಂಚಿನ ದಿನಗಳನ್ನು ಬಿಟ್ಟು ಮುಂದಿನದನ್ನು ಹಿಡಿಯಬಹುದು, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ.

7:51 ಎಂದಷ್ಟೇ ತೋರಿಸಿದರೆ ಬೇರೆ ದೂರು ಬರುತ್ತದೆ, ಬಸ್ ದಿನವೂ ತಡ ಎಂದು. ಆಕೆ ತೆರೆಯ ಮೇಲೆ ಎರಡು ಸಾಲು ಮಾಡಿದಳು. ದಪ್ಪಕ್ಷರದಲ್ಲಿ "7:51ಕ್ಕೆ ಸ್ಟಾಪಿನಲ್ಲಿರಿ", ಅದರ ಕೆಳಗೆ ಸಣ್ಣದಾಗಿ "ಸಾಮಾನ್ಯವಾಗಿ 7:58ರೊಳಗೆ ಬರುತ್ತದೆ. ರೈಲ್ವೆ ಗೇಟು ಬಿದ್ದರೆ ಇನ್ನೂ ತಡ". ಕಚೇರಿಯ ಹಾಳೆಯಲ್ಲಿರುವ ದೊಡ್ಡ ಸ್ಟಾಪುಗಳಿಗೆ ಒಂದೇ ಸಾಲು. ಯಾವ ಸಮಯ ನಿಗದಿಯಾದದ್ದು, ಯಾವುದು ಅಂದಾಜಿನದು ಎಂದು ಓದುವವರಿಗೆ ಗೊತ್ತಾಗಲೇಬೇಕು. ಸಾರಿಗೆ ಸಂಸ್ಥೆಗಳು ವೇಳಾಪಟ್ಟಿ ಹಂಚಿಕೊಳ್ಳುವ ಜಿಟಿಎಫ್‌ಎಸ್ ಎಂಬ ಮಾದರಿಯಲ್ಲೂ ಇದಕ್ಕೆಂದೇ `timepoint` ಎಂಬ ಅಂಕಣವಿದೆ. ಅಲ್ಲಿ 1 ಎಂದರೆ ನಿಗದಿ, 0 ಎಂದರೆ ಅಂದಾಜು. ಆಕೆ ತನ್ನ ಶೀಟಿಗೂ ಅದೇ ಹೆಸರಿನ ಒಂದು ಕಾಲಮ್ ಸೇರಿಸಿಕೊಂಡಳು.

ಇಷ್ಟರಲ್ಲಿ ಕೋಡಿನ ಕಡೆಯ ಕೆಲಸ ಮುಗಿಯಿತು. ಆದರೆ ಬಸ್ ಕೆಲವು ದಿನ 7:51ಕ್ಕೂ ಕೆಲವು ದಿನ 7:58ಕ್ಕೂ ಬರುವುದೇಕೆ ಎಂಬುದು ಉಳಿದಿತ್ತು. ಅದನ್ನು ಆಕೆ ಆ ರೂಟಿನ ಡ್ರೈವರನ್ನೇ ಕೇಳಿದಳು.

"ಅಣ್ಣಾ, ಕೆಇಬಿ ಹತ್ರ ಒಂದೊಂದಿನ ಬೇಗ ಬಂದ್ಬಿಡ್ತೀರಲ್ಲ, ಯಾಕೆ?"

"ಆಸ್ಪತ್ರೆ ಸರ್ಕಲ್ನಾಗೆ ಫೈನಲ್ ಇಯರ್ ಮಕ್ಳು ಇಪ್ಪತ್ ಜನ ಹತ್ತೋರು ಕಣಮ್ಮ. ಅವ್ರಿಗೆ ಕ್ಲಾಸ್ ಇಲ್ದಿದ್ ದಿವ್ಸ ಅಲ್ಲಿ ನಿಲ್ಸೋ ಹೊತ್ತೇ ಉಳಿಯುತ್ತೆ. ಗೇಟ್ ಬೀಳೋಕ್ ಮುಂಚೆ ದಾಟ್ಬೇಕಲ್ಲ, ಬಂದ್ಬಿಡ್ತೀನಿ."

"ಎಪಿಎಂಸಿಲಿ 7.40 ಅಂತ ಹಾಳೇಲಿದೆ. ಅಲ್ಲಿ 7.40 ಆಗೋವರ್ಗೂ ನಿಂತ್ರೆ?"

"ಸೂಪರ್‌ವೈಸರ್ ಹೇಳ್ಲಿ, ನಿಲ್ತೀನಿ. ನಾವಾಗೇ ನಿಂತ್ರೆ ಒಳಗ್ ಕೂತಿರೋ ಮಕ್ಳು ಬೈತಾವೆ."

ಬಹಳ ದೊಡ್ಡ ಸಾರಿಗೆ ಸಂಸ್ಥೆಗಳೂ ಇದನ್ನೇ ಮಾಡುವುದು. ದಾರಿಯಲ್ಲಿ ಒಂದೆರಡು ಸ್ಟಾಪುಗಳನ್ನು ನಿಗದಿ ಸ್ಥಳಗಳೆಂದು ಗುರುತಿಸಿ, ಆ ಸಮಯಕ್ಕೆ ಮುಂಚೆ ಅಲ್ಲಿಂದ ಬಿಡಬಾರದೆಂದು ನಿಯಮ ಮಾಡುತ್ತಾರೆ. ಬಸ್ ತಡವಾಗುವುದನ್ನು ಯಾರೂ ಪೂರ್ತಿ ತಡೆಯಲಾರರು. ಮುಂಚೆ ಹೋಗುವುದನ್ನು ಮಾತ್ರ ನಿಂತುಕೊಂಡೇ ತಡೆಯಬಹುದು. ಸೂಪರ್‌ವೈಸರ್ ಒಪ್ಪಿ ಎಪಿಎಂಸಿಯಲ್ಲಿ 7.40ರವರೆಗೆ ನಿಲ್ಲಬೇಕೆಂದು ಬರೆದುಕೊಟ್ಟರು. ಆಯ್ಕೆಯ ಜಾಗವೂ ಸರಿಯಾಗಿತ್ತು. ಎಪಿಎಂಸಿಯ ಮುಂದೆ ಬಸ್ ನಿಲ್ಲಲು ಅಗಲವಾದ ಜಾಗವಿದೆ. ಆಸ್ಪತ್ರೆ ಸರ್ಕಲ್ಲಿನಲ್ಲಿ ಎರಡು ನಿಮಿಷ ನಿಂತರೂ ಹಿಂದೆ ಹಾರ್ನ್ ಶುರು. ನಿಲ್ಲುವ ಸ್ಟಾಪು ಗೇಟಿಗೆ ಮುಂಚೆ ಇದ್ದದ್ದರಿಂದ ಗೇಟಿನ ತಡವೇನೂ ಕಮ್ಮಿಯಾಗಲಿಲ್ಲ. ಕೆಇಬಿಯಲ್ಲಿ ಬೇಗ ಹೋಗುವುದು ಮಾತ್ರ ಕಮ್ಮಿಯಾಯಿತು. ಬೇಕಿದ್ದದ್ದೂ ಅಷ್ಟೇ. ನಿಯಮ ಬಂದ ಮೇಲೆ ಎಪಿಎಂಸಿಯಿಂದ ಮುಂದಿನ ಎಲ್ಲ ಸ್ಟಾಪುಗಳನ್ನೂ ಮತ್ತೆ ಹತ್ತು ದಿನ ಅಳೆಯಬೇಕು, ಹಳೆಯ ಬರಹ ಹಳೆಯ ಓಟದ್ದು.

ಮೂರನೆಯದು: ಒಂದೇ ಬೆಂಚಿನ ಇಬ್ಬರಿಗೆ ಎರಡು ಸಮಯ

ಲ್ಯಾಬ್ ಅವಧಿ ಮುಂದಕ್ಕೆ ಹೋದದ್ದರಿಂದ ಸಂಜೆಯ ಬಸ್ಸುಗಳು 4.45ರಿಂದ 5.10ಕ್ಕೆ ಬದಲಾದವು. ಸೂಪರ್‌ವೈಸರ್ ಶೀಟು ತಿದ್ದಿದರು, ಅರ್ಧ ಗಂಟೆಯಲ್ಲಿ ಹೊಸ `times.csv` ಸೈಟಿಗೆ ಬಂತು. ಮಾರನೆಯ ದಿನ ಅಕ್ಕಪಕ್ಕ ಕೂತ ಇಬ್ಬರು ಗೆಳತಿಯರ ಫೋನಿನಲ್ಲಿ ಒಬ್ಬಳಿಗೆ 4:45, ಇನ್ನೊಬ್ಬಳಿಗೆ 5:10. ಬದಲಾವಣೆಯಾದ ಮೇಲೆ ಮೊದಲ ಸಲ ಆ್ಯಪ್ ತೆರೆದವರಿಗೆಲ್ಲ ಹೊಸದು, ಮೊದಲ ವಾರದಿಂದ ಬಳಸುತ್ತಿದ್ದವರಿಗೆಲ್ಲ ಹಳೆಯದು. ಹೆಚ್ಚು ನಂಬಿದವರಿಗೇ ಹೆಚ್ಚು ತಪ್ಪು.

ಅನುಮಾನ ಪರಿಹರಿಸಲು ಒಂದೇ ನಿಮಿಷ ಸಾಕು. ಹಳೆಯ ಸಮಯ ಕಾಣುವ ಫೋನಿನಲ್ಲೇ ಇನ್‌ಕಾಗ್ನಿಟೊ ಕಿಟಕಿ ತೆರೆದು ಅದೇ ವಿಳಾಸ ಹಾಕಬೇಕು. ಅಲ್ಲಿ 5:10 ಕಂಡರೆ ಸೈಟು ಸರಿಯಿದೆ, ಫೋನು ಇಟ್ಟುಕೊಂಡ ನಕಲುಗಳಲ್ಲಿ, ಅಂದರೆ ಕ್ಯಾಶಿನಲ್ಲಿ, ಹಳೆಯ ಪಟ್ಟಿ ಕೂತಿದೆ ಎಂದರ್ಥ. ಹಾಗೆಯೇ ಆಯಿತು. ಸಿಗ್ನಲ್ ಇಲ್ಲದ ಕಡೆಯೂ ಆ್ಯಪ್ ತೆರೆಯಲೆಂದು ಆಕೆ ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಲ್ಲುವ ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟು ಹಾಕಿದ್ದಳು, ಎಲ್ಲರೂ ಬಳಸುವ ಈ ಸಾಲಿನೊಂದಿಗೆ:

```js
self.addEventListener("fetch", (e) => {
  e.respondWith(caches.match(e.request).then((r) => r || fetch(e.request)));
});
```

ಕ್ಯಾಶಿನಲ್ಲಿದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಮಾತ್ರ ನೆಟ್‌ವರ್ಕಿಗೆ ಹೋಗು. ಲೋಗೊ, ಬಣ್ಣ, ಅಕ್ಷರಗಳಿಗೆ ಇದು ಒಳ್ಳೆಯದೇ. ಆದರೆ ಮೊದಲ ದಿನವೇ ಕ್ಯಾಶಿಗೆ ಹಾಕುವ ಪಟ್ಟಿಯಲ್ಲಿ `times.csv` ಕೂಡ ಇತ್ತು. ಒಮ್ಮೆ ಒಳಗೆ ಹೋದದ್ದು ಹೊರಗಿನ ಬದಲಾವಣೆಯನ್ನು ಎಂದೂ ನೋಡುವುದಿಲ್ಲ. ಕ್ಯಾಶ್ ತೆರವು ಮಾಡಿಕೊಳ್ಳಿ ಎಂದು ಗುಂಪಿಗೆ ಹಾಕಿದರೆ ನೂರರಲ್ಲಿ ಹತ್ತು ಜನ ಮಾಡಬಹುದು. ಮುಂದಿನ ಬದಲಾವಣೆಗೆ ಮತ್ತದೇ ಪಾಡು.

ಪಟ್ಟಿಗೆ ಮಾತ್ರ ಬೇರೆ ನಿಯಮ ಬೇಕು, `times.csv` ಕೇಳಿದಾಗ ಮೇಲಿನ ಸಾಲಿನ ಬದಲು ಅದು ಓಡಬೇಕು. ಮೊದಲು ನೆಟ್‌ವರ್ಕು, ಮೂರು ಸೆಕೆಂಡಿನಲ್ಲಿ ಸಿಗದಿದ್ದರೆ ಇಟ್ಟುಕೊಂಡದ್ದು:

```js
async function freshTimes(req) {
  const cache = await caches.open("times");
  try {
    const res = await fetch(req, {
      cache: "no-store",
      signal: AbortSignal.timeout(3000),
    });
    if (!res.ok) throw new Error("bad response");
    await cache.put(req, res.clone());
    return res;
  } catch {
    return cache.match(req);
  }
}
```

ಮೂರು ಸೆಕೆಂಡಿನ ಮಿತಿ ಇಲ್ಲದಿದ್ದರೆ ಸಿಗ್ನಲ್ಲಿನ ಒಂದೇ ಗೀಟು ಇರುವ ಸ್ಟಾಪಿನಲ್ಲಿ ಆ್ಯಪ್ ತಿರುಗುತ್ತಲೇ ಇರುತ್ತದೆ. ನೆಟ್ ಪೂರ್ತಿ ಇಲ್ಲದ ಕಡೆಗಿಂತ ಅರೆಬರೆ ಇರುವ ಕಡೆಯೇ ಇದು ಹೆಚ್ಚು ಕಾಡುವುದು. `!res.ok` ಎಂಬ ಪರೀಕ್ಷೆಯನ್ನೂ ಬಿಡಬಾರದು. ಬಿಟ್ಟರೆ ಸೈಟು ಕೆಟ್ಟ ಹೊತ್ತಿನಲ್ಲಿ ಬಂದ ದೋಷದ ಪುಟವೇ ಪಟ್ಟಿಯ ಜಾಗದಲ್ಲಿ ಕ್ಯಾಶಾಗುತ್ತದೆ. ಸ್ಕ್ರಿಪ್ಟು ಅರ್ಧ ಗಂಟೆಗೊಮ್ಮೆ ಓಡುವುದರಿಂದ ಸೂಪರ್‌ವೈಸರ್ ತಿದ್ದಿದ್ದು ಅಷ್ಟು ಹೊತ್ತಿನವರೆಗೂ ತಡವಾಗಬಹುದು. ಬಸ್ ಬಿಡುವ ಹತ್ತು ನಿಮಿಷ ಮುಂಚಿನ ಬದಲಾವಣೆಗೆ ಈ ಆ್ಯಪ್ ಒದಗುವುದಿಲ್ಲ, ಅದಕ್ಕೆ ವಾಟ್ಸಾಪ್ ಗುಂಪೇ ಸರಿ.

ಹೊಸ ಸರ್ವಿಸ್ ವರ್ಕರನ್ನು ಸೈಟಿಗೆ ಹಾಕಿದ ಮಾತ್ರಕ್ಕೆ ಅದು ಫೋನಿನಲ್ಲಿ ಅಧಿಕಾರ ವಹಿಸಿಕೊಳ್ಳುವುದಿಲ್ಲ. ಮುಂದಿನ ಸಲ ಆ್ಯಪ್ ತೆರೆದಾಗ ಬ್ರೌಸರ್ ಅದನ್ನು ಇಳಿಸಿಕೊಳ್ಳುತ್ತದೆ, ಆದರೆ ಹಳೆಯದು ನೋಡಿಕೊಳ್ಳುತ್ತಿರುವ ಪುಟಗಳೆಲ್ಲ ಮುಚ್ಚುವವರೆಗೆ ಕಾಯಿಸುತ್ತದೆ. ಆ್ಯಪನ್ನು ಮುಚ್ಚದೆ ಹಿಂದಕ್ಕೆ ತಳ್ಳಿಯೇ ಇಡುವವರಿಗೆ ದಿನಗಟ್ಟಲೆ ಹಳೆಯದೇ ಇರಬಹುದು. ಇದಕ್ಕೆ `install` ಹೊತ್ತಿನಲ್ಲಿ `self.skipWaiting()`, `activate` ಹೊತ್ತಿನಲ್ಲಿ `clients.claim()` ಕರೆಯಬೇಕು, ಅಲ್ಲೇ ಹಳೆಯ ಕ್ಯಾಶನ್ನು ಅಳಿಸಬೇಕು. ಅಳಿಸುವುದನ್ನು ಮರೆತರೆ ಹಳೆಯ `times.csv` ಇನ್ನೊಂದು ಕ್ಯಾಶಿನಲ್ಲಿ ಉಳಿದಿದ್ದು, ಎಲ್ಲ ಕ್ಯಾಶುಗಳಲ್ಲೂ ಹುಡುಕುವ `caches.match` ಅನ್ನು ಪಟ್ಟಿಗೆ ಎಲ್ಲಾದರೂ ಬಳಸಿದರೆ ಎದ್ದು ಬರಲು ಅವಕಾಶವಿರುತ್ತದೆ.

ಇದರ ಜೊತೆಗೆ ತೆರೆಯ ತಲೆಯಲ್ಲೇ "ಪಟ್ಟಿಯ ದಿನಾಂಕ" ಎಂಬ ಸಾಲು ಬಂತು. ಮೂರು ದಿನಕ್ಕಿಂತ ಹಿಂದೆ ಇಳಿಸಿಕೊಂಡ ಪಟ್ಟಿಯಾದರೆ ಆ ಸಾಲು ಹಳದಿಯಾಗುತ್ತದೆ. ಈ ಒಂದು ಸಾಲಿನಿಂದ ದೂರುಗಳ ಗುಣವೇ ಬದಲಾಯಿತು. ಮುಂದಿನ ಸ್ಕ್ರೀನ್‌ಶಾಟುಗಳಲ್ಲಿ ಯಾವ ಪಟ್ಟಿ ನೋಡಿ ಹೇಳುತ್ತಿದ್ದಾರೆಂಬುದು ಕೇಳದೆಯೇ ಕಾಣುತ್ತಿತ್ತು.

ಆಮೇಲೆ ಉಳಿದದ್ದು

ಆಂತರಿಕ ಪರೀಕ್ಷೆಯ ದಿನಗಳಲ್ಲಿ, ಕೆಲಸವಿರುವ ಶನಿವಾರಗಳಲ್ಲಿ, ಹಬ್ಬದ ಹಿಂದಿನ ದಿನ ಬಸ್ ಸಮಯ ಬೇರೆ. ಇದಕ್ಕೆ ವಾರದ ದಿನದ ಲೆಕ್ಕ ಹಾಕಲು ಹೋಗದೆ, ಮೂರನೇ ಟ್ಯಾಬಿನಲ್ಲಿ ದಿನಾಂಕ, ರೂಟು, ಸಮಯ ಎಂದು ಮೂರೇ ಕಾಲಮ್ ಇಟ್ಟಳು. ಆ ದಿನಾಂಕಕ್ಕೆ ಸಾಲು ಇದ್ದರೆ ಅದೇ ನಡೆಯುತ್ತದೆ, ಇಲ್ಲದಿದ್ದರೆ ಮಾಮೂಲಿ ಪಟ್ಟಿ. ಬಸ್ ಇಲ್ಲವೇ ಇಲ್ಲದ ದಿನಕ್ಕೆ ಸಮಯದ ಜಾಗದಲ್ಲಿ "ಇಲ್ಲ" ಎಂದು ಬರೆಯಬೇಕು. ಖಾಲಿ ಬಿಟ್ಟರೆ ಸ್ಕ್ರಿಪ್ಟು ತುಂಬಲು ಮರೆತದ್ದು ಎಂದುಕೊಂಡು ಪಟ್ಟಿಯನ್ನು ತಡೆಯುತ್ತದೆ.

ಶೀಟು ಇದ್ದದ್ದು ಆಕೆಯ ಕಾಲೇಜು ಮೇಲ್ ಐಡಿಯಲ್ಲಿ. ಪಾಸಾಗಿ ಹೋದ ಮೇಲೆ ಆ ಐಡಿ ಮುಚ್ಚುತ್ತದೆ, ಅದರ ಜೊತೆಗೆ ಶೀಟೂ ಹೋಗುತ್ತದೆ. ಏಳನೇ ಸೆಮಿಸ್ಟರಿಗೆ ಮೊದಲೇ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ ಐಡಿಗೆ ಅದರ ಮಾಲೀಕತ್ವ ಬದಲಿಸಿ, ಕೆಟ್ಟ ಸಾಲಿನ ಮೇಲ್ ತನ್ನ ಜೊತೆಗೆ ಸೂಪರ್‌ವೈಸರಿಗೂ ಹೋಗುವಂತೆ ಮಾಡಿದಳು. ಮೇಲ್‌ನಲ್ಲಿ ಬರುವುದು ಒಂದೇ ವಾಕ್ಯ, ಅವರ ಮಾತಿನಲ್ಲೇ: "ಬೆಳಿಗ್ಗೆ ಟ್ಯಾಬ್, 14ನೇ ಸಾಲು, ಎಪಿಎಂಸಿ: 7.4 ಎಂದಿದೆ, 7.40 ಅಥವಾ 7.04 ಎಂದು ಬರೆಯಿರಿ."